ಹಸುವಿನ ಬಾಯಿಗೆ ಹುಯ್ದ ಸೊಪ್ಪಿನ ರಸ

1909ರ ಮುಂಗಾರಿನಲ್ಲಿ ನಮ್ಮೂರಿನ ಹೊಲದ ಬದುವಿನಲ್ಲಿ ಮೇಯುತ್ತಿದ್ದಾಗ ನನ್ನ ಸೋದರತ್ತೆಯ ಹಸುವಿನ ಮೂತಿಗೆ ಕೊಳಕುಮಂಡಲ ಹಾವು ಕಚ್ಚಿತು. ಊರು ಕಪಿಲೆಯ ದಂಡೆಯಲ್ಲಿ, ನಂಜನಗೂಡಿಗೂ ನರಸೀಪುರಕ್ಕೂ ನಡುವೆ. ಅತ್ತೆ ವಿಧವೆ. ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಕೂಸು ಆ ಹಸುವಿನ ಹಾಲು ಕುಡಿದೇ ಬದುಕಿತ್ತು. ಹಾಲು ಇರುವ ತನಕ ಕೂಸು ಇಲ್ಲಿರಲಿ, ಆಮೇಲೆ ಕರೆದೊಯ್ಯುತ್ತೇವೆ ಎಂದು ಅಳಿಯನ ಮನೆಯವರು ಹೇಳಿಹೋಗಿದ್ದರು.

ನಾನು ಮೈಸೂರಿನ ಪತ್ರಿಕೆ ಕೆಲಸದಿಂದ ರಜೆಗೆ ಬಂದಿದ್ದೆ. ಕೂಗು ಕೇಳಿ ಓಡಿದಾಗ ಹಾವು ಕಲ್ಲುಸಂದಿಗೆ ಇಳಿದಾಗಿತ್ತು. ಹಸುವಿನ ಮೂತಿಯಿಂದ ರಕ್ತ ಒಸರುತ್ತಿತ್ತು, ಕೆನ್ನೆ ಊದತೊಡಗಿತ್ತು. ಅತ್ತೆ ಕೊರಳ ಹಗ್ಗ ಬಿಚ್ಚಿ, ಮೂಗುದಾರ ಕೊಯ್ದು, ಹತ್ತಿರದ ಹೊಂಗೆ ನೆರಳಿನಲ್ಲಿ ಅದನ್ನು ನಿಲ್ಲಿಸಿಕೊಂಡಳು. ಸರ್ಕಾರಿ ದನದ ಡಾಕ್ಟರು ನರಸೀಪುರದಲ್ಲಿ ಮೊಕ್ಕಾಂ ಮಾಡಿದ್ದರು. ಅವರನ್ನು ಕರೆತರಲು ಪಕ್ಕದ ಮನೆಯವನನ್ನು ಗಾಡಿ ಕಟ್ಟಿಸಿ ಕಳಿಸಿದಳು.

ಅಷ್ಟರಲ್ಲಿ ಅವಳ ಭಾವ, ತೀರಿಹೋದ ಗಂಡನ ಅಣ್ಣ, ಬಂದರು. ಮನೆಗೆ ಹಿರಿಯರು.

"ನೆಳ್ಳಲ್ಲಿ ನಿಲ್ಲಿಸ್ಕೊಂಡು ಪೂಜೆ ಮಾಡ್ತೀಯೇನಮ್ಮಿ? ಮನಗ್ತೋ, ಮುಗೀತು. ನಡೆಸು, ನಡೆಸು."

ವಿಷ ಏರಿದ ದನವನ್ನು ಮಲಗಲು ಬಿಡಬಾರದು ಎಂಬುದು ನಮ್ಮ ಕಡೆಯ ರೂಢಿ. ಹಸುವನ್ನು ಊರ ತನಕ ಹೊಡೆದುಕೊಂಡು ಬಂದು, ಕೊಟ್ಟಿಗೆಯ ಸುತ್ತಲೂ ತಿರುಗಿಸಿದರು. ಊತ ಗಂಟಲಿಗೆ ಇಳಿಯಿತು. ಉಸಿರು ಗೊರಗೊರ ಎನ್ನತೊಡಗಿತು, ಬಾಯಿಂದ ಜೊಲ್ಲು ಸುರಿಯಿತು. ಆಮೇಲೆ ಭಾವ, ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದ ತುಂಬ ಸೊಪ್ಪಿನ ರಸ ತಂದರು.

"ಬ್ಯಾಡಿ ಭಾವ. ಜೊಲ್ಲೇ ನುಂಗ್ತಿಲ್ಲ, ಇದನ್ನೆಂಗೆ ನುಂಗಾದು?"

"ನೀನೇ ಡಾಕ್ಟ್ರಾಗಿದ್ರೆ ಗಾಡಿ ಯಾಕೆ ಕಳಿಸ್ದೆ? ಇಡ್ಕೊಳ್ರಲಾ ತಲೆಯ."

ಸೇರಿದ್ದವರಲ್ಲಿ ಇಬ್ಬರು ಹಸುವಿನ ತಲೆ ಎತ್ತಿ ಹಿಡಿದರು. ಭಾವ ಹುಯ್ದರು. ಹಸು ಕೆಮ್ಮಿತು, ಮುಂಗಾಲು ಮಡಿಸಿ ಕುಸಿಯಿತು. ಹೊಳ್ಳೆಗಳಿಂದ ಹಸಿರು ನೊರೆ ಬಂತು. ಗಾಡಿ ಹಿಂದಿರುಗುವ ಮೊದಲೇ ಸತ್ತಿತು.

ಡಾಕ್ಟರು ಬಂದದ್ದು ಸಂಜೆ. ಚರ್ಮ ಸುಲಿಯುವವರಿಂದ ಎದೆ ಕೊಯ್ಯಿಸಿ ನೋಡಿದರು. ಉಸಿರುನಾಳದ ಉದ್ದಕ್ಕೂ, ಶ್ವಾಸಕೋಶದ ಒಳಗೂ ಸೊಪ್ಪಿನ ರಸವಿತ್ತು.

"ಇಸಕ್ಕೇ ಅಲ್ವಾ ಸಾ, ಹೋಗಿದ್ದು?" ಎಂದರು ಭಾವ.

"ವಿಷಕ್ಕೆ ಸಾಯ್ತಿತ್ತೋ ಉಳೀತಿತ್ತೋ, ಹೇಳಲಾರೆ. ನನ್ನ ಹತ್ರಾನೂ ಅದಕ್ಕೆ ಮದ್ದಿಲ್ಲ. ಸತ್ತಿದ್ದು ಮಾತ್ರ ಇದರಿಂದ. ಗಂಟಲು ಕಟ್ಟಿದ ದನದ ಬಾಯಿಗೆ ನೀರೂ ಹುಯ್ಯಬಾರದು. ನಡೆಸಿದ್ದೂ ತಪ್ಪು, ನಡೆದಷ್ಟೂ ವಿಷ ಬೇಗ ಹರಡುತ್ತೆ. ಕೊಯ್ಯೋದು, ಬರೆ ಹಾಕೋದು, ಅವೂ ಬೇಡ. ಹಗ್ಗ ಬಿಚ್ಚಿ, ಕಚ್ಚಿದ ಜಾಗದ ಹತ್ತಿರವೇ ನೆರಳಲ್ಲಿ ಸುಮ್ಮನೆ ಬಿಡಬೇಕು, ನನಗೆ ಹೇಳಿ ಕಳಿಸಬೇಕು." ಕೊರಳನ್ನು ಮುಟ್ಟಿ ನೋಡಿ ಕೇಳಿದರು: "ಹಗ್ಗ ಬಿಚ್ಚಿದ್ದು ಯಾರು?"

ಭಾವ ಗೊಟ್ಟ ಎತ್ತಿಕೊಂಡು ಹಿತ್ತಲಿಗೆ ಹೋದರು. ಅತ್ತೆ ಒಳಗೆ ಕೂಸನ್ನು ಸಮಾಧಾನ ಮಾಡುತ್ತಿದ್ದಳು.

ಕೆಲವು ದಿನ ನೆರೆಹೊರೆಯವರು ಹಾಲು ಕೊಟ್ಟರು. ಶ್ರಾವಣದಲ್ಲಿ ಅಳಿಯನ ಮನೆಯ ಗಾಡಿ ಬಂದು ಕೂಸನ್ನು ಸುತ್ತೂರಿನ ಕಡೆಗೆ ಕರೆದೊಯ್ದಿತು. ಅತ್ತೆ ಅದನ್ನು ಮತ್ತೆ ನೋಡಿದ್ದು, ಅದು ನಡೆಯಲು ಕಲಿತ ಮೇಲೆ. ಕೈ ಚಾಚಿದರೆ ಅದು ಅವಳ ಹತ್ತಿರ ಬರಲಿಲ್ಲ.