ಕಾರ್ಡಿನ ಎರಡನೆಯ ವಾಕ್ಯ

ಸಂಶೋಧನೆಯ ಕಾಲದ ನನ್ನ ಟಿಪ್ಪಣಿ ಕಾರ್ಡುಗಳು ಇಂದಿಗೂ ಬೂಟಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿವೆ. ಮೊದಲ ಅರ್ಧದಷ್ಟರಲ್ಲಿ ಬರೀ ನೀಲಿ ಶಾಯಿ. ಅಲ್ಲಿಂದಾಚೆಗೆ ಕೆಂಪು ಗೆರೆಗಳು, ಪುಟಸಂಖ್ಯೆಗಳು, ಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರ. ಈ ಬದಲಾವಣೆ ಆದದ್ದು ಅರವತ್ತರ ದಶಕದ ನಡುವೆ, ಮಳೆಗಾಲದಲ್ಲಿ ಎಂದು ನನ್ನ ನೆನಪು ಹಠ ಹಿಡಿಯುತ್ತದೆ. ಪೆಟ್ಟಿಗೆಯಲ್ಲೇ ಸಿಕ್ಕ ಗ್ರಂಥಾಲಯದ ಚೀಟಿಯ ಮುದ್ರೆ ಮಾತ್ರ ಜನವರಿ ಎನ್ನುತ್ತದೆ. ಚೀಟಿಯನ್ನೇ ನಂಬುತ್ತೇನೆ. ನೆನಪನ್ನು ನಂಬಿದ್ದರ ಫಲವೇನೆಂಬುದೇ ಈ ಬರಹದ ವಿಷಯ.

ಧಾರವಾಡದಲ್ಲಿ ನಾನು ಕೆರೆಗಳ ದಾನಶಾಸನಗಳನ್ನು ಕುರಿತು ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ಬೇಸಿಗೆ ರಜೆಗೆ ಮೊದಲು ಅದನ್ನು ಒಪ್ಪಿಸಬೇಕಿತ್ತು. ತಪ್ಪಿದರೆ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅವಧಿ ವಿಸ್ತರಿಸಲು ಮಾರ್ಗದರ್ಶಕರ ಶಿಫಾರಸು ಬೇಕಾಗುತ್ತಿತ್ತು. ಹಿಂದಿನವರ ಅಧ್ಯಯನಗಳನ್ನು ಸಮೀಕ್ಷಿಸುವ ಎರಡನೆಯ ಅಧ್ಯಾಯವನ್ನು ಮುಗಿಸಿ ಅವರ ಮನೆಗೆ ಒಯ್ದೆ. ಕಟ್ಟೆಯ ಮೇಲೆ ಕುಳಿತು, ಕನ್ನಡಕ ಏರಿಸಿಕೊಂಡು, ಅವರು ಗಟ್ಟಿಯಾಗಿ ಓದತೊಡಗಿದರು. ಒಂದು ವಾಕ್ಯಕ್ಕೆ ಬಂದು ನಿಂತರು: "ಕೆರೆ ಕಟ್ಟಿಸಿದವನ ಭಕ್ತಿ ಶಾಸನದ ಮೊದಲ ಸಾಲಿನಲ್ಲಿದೆ, ಅವನ ಅಂಜಿಕೆ ಕಡೆಯ ಸಾಲಿನಲ್ಲಿದೆ." ದಾನವನ್ನು ಕೆಡಿಸಿದವರಿಗೆ ಗೋಹತ್ಯೆಯ ಪಾಪ ತಟ್ಟಲಿ ಎಂಬ ಕಡೆಯ ಶಾಪವನ್ನು ಕುರಿತ ಮಾತು ಅದು.

"ಏನವಾ, ಇದು ಭಾಳ ಛಲೋ ಬಂದದಲ್ಲ. ನಿನ್ನದೇನು?" ಎಂದರು.

"ಹೌದ್ರಿ ಸರ, ನಂದರಿ."

"ಅಡ್ಡಿಯಿಲ್ಲ. ಮುಂದ ಇದನ್ನ ಹಿಡಕೊಂಡು ಒಂದು ಅಧ್ಯಾಯನ ಬರಿ."

ಸಂತೋಷ ಗೇಟಿನವರೆಗೂ ಉಳಿಯಲಿಲ್ಲ. ನನ್ನದು ಎಂದು ಅಷ್ಟು ಬೇಗ ಹೇಗೆ ಹೇಳಿದೆ? ಹಾಸ್ಟೆಲಿಗೆ ಬಂದು, ಸೀರೆಯನ್ನೂ ಬದಲಿಸದೆ ಆ ವಾಕ್ಯವಿದ್ದ ಕಾರ್ಡನ್ನು ಹುಡುಕಿದೆ. ಮೇಲೆ ಒಂದು ಮರಾಠಿ ಲೇಖನಸಂಗ್ರಹದ ಹೆಸರಿನ ಸಂಕ್ಷೇಪವಿತ್ತು. ಕೆಳಗೆ ಮೂರು ವಾಕ್ಯ, ಎಲ್ಲವೂ ನೀಲಿ. ಮೊದಲನೆಯದು ಶಾಪಗಳ ಬಗೆಗಳನ್ನು ಹೇಳುತ್ತಿತ್ತು, ಅದು ಪುಸ್ತಕದ್ದೇ. ಮೂರನೆಯದರಲ್ಲಿ ಹೆಬ್ಬಳ್ಳಿಯ ಹತ್ತಿರ ನಾನೇ ಕಂಡ ಶಾಸನದ ಕಲ್ಲಿನ ಮಾತಿತ್ತು, ಅದು ನನ್ನದೇ. ಎರಡನೆಯದು, ಭಕ್ತಿ ಮತ್ತು ಅಂಜಿಕೆಯ ಆ ಮಾತು, ಯಾರದು? ಉದ್ಧರಣ ಚಿಹ್ನೆಯಿಲ್ಲ, ಪುಟಸಂಖ್ಯೆಯಿಲ್ಲ.

ಆಗಿನ ನನ್ನ ರೂಢಿ ಹೀಗಿತ್ತು: ಮರಾಠಿಯನ್ನಾಗಲಿ ಇಂಗ್ಲಿಷನ್ನಾಗಲಿ ಓದುತ್ತ ಓದುತ್ತಲೇ ಕನ್ನಡ ಮಾಡಿ ಬರೆದುಕೊಳ್ಳುತ್ತಿದ್ದೆ. ಇದರಿಂದ ಒಂದು ಕೆಲಸ ಉಳಿಯಿತೆಂದು ಹೆಮ್ಮೆಯೂ ಇತ್ತು. ಕನ್ನಡದ ಪುಸ್ತಕದಿಂದ ಎತ್ತಿಕೊಂಡ ಮಾತಾದರೆ ಮತ್ತೊಬ್ಬರ ಶೈಲಿಯೇ ಅದನ್ನು ಹಿಡಿದುಕೊಡುತ್ತಿತ್ತು. ಆದರೆ ನಾನೇ ಅನುವಾದಿಸಿದ ವಾಕ್ಯದಲ್ಲಿ ಪದ ನನ್ನದು, ಲಯ ನನ್ನದು, ಅಕ್ಷರವೂ ನನ್ನದು. ಎರಡು ವರ್ಷ ಕಳೆದ ಮೇಲೆ ಅದರೊಳಗಿನ ವಿಚಾರ ಪರರದೆಂದು ಹೇಳುವ ಗುರುತು ಒಂದೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಅಲ್ಲಿದ್ದೆ. ಪುಸ್ತಕ ತೆಗೆದುಕೊಡುವ ಸಿಪಾಯಿ ಕಪಾಟಿನ ಸಂದಿಯಿಂದ ಬರಿಗೈಯಲ್ಲಿ ಬಂದ.

"ಅದು ಬೈಂಡಿಂಗಿಗೆ ಹೋಗೇತ್ರಿ ಬಾಯಾರ, ಹುಬ್ಬಳ್ಳಿಗೆ. ಬೆನ್ನ ಮುರದಿತ್ತು."

"ಯಾವಾಗ ಬರತದ?"

"ಅದು ಆ ಬೈಂಡರಗ ಗೊತ್ತು, ದೇವರಿಗೆ ಗೊತ್ತು. ದೇವರ ಅರ ಲಗೂ ಹೇಳ್ಯಾನು." ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅಷ್ಟು ಅರ್ಜೆಂಟ್ ಇದ್ರ ನೀವ ಹೋಗಿ ನೋಡ್ರಿ. ಚೀಟಿ ಬರಸಿ ಕೊಡತೀನಿ."

ಆ ಚೀಟಿಯೇ ಈಗ ನನ್ನ ಮುಂದಿರುವುದು.

ಹುಬ್ಬಳ್ಳಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎರಡು ಆಸೆಗಳು ಹೊಯ್ದಾಡಿದವು. ಪುಸ್ತಕದಲ್ಲಿ ಆ ಮಾತು ಇರದಿರಲಿ ಎಂಬುದು ಒಂದು. ಪುಸ್ತಕವೇ ಸಿಗದಿರಲಿ ಎಂಬುದು ಇನ್ನೊಂದು. ಎರಡನೆಯ ಆಸೆ ಎಷ್ಟು ಬಲವಾಗಿತ್ತೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೈಂಡರನ ಅಂಗಡಿಯಲ್ಲಿ ಹುಳಿ ವಾಸನೆಯ ಅಂಟು, ನೆಲದ ತುಂಬ ಹೊಲಿಗೆ ಬಿಚ್ಚಿದ ಪುಸ್ತಕಗಳು. ಮುದುಕ ಚೀಟಿ ನೋಡಿ, ದಾರ ಕಟ್ಟಿದ ಒಂದು ಗಂಟನ್ನು ಮುಂದಿಟ್ಟ. "ತಗೋರಿ. ಪುಟ ಯಾವುದು ಹೇಳ್ರಿ, ತಗದ ಕೊಡತೀನಿ."

"ಪುಟ ಗೊತ್ತಿಲ್ಲರಿ."

"ಪುಟ ಬರಕೊಂಡಿಲ್ಲೇನ್ರಿ? ನಾವು ಓದಲಾರದವರು ಸುದ್ದಾ ಪುಟದ ನಂಬರ ನೋಡಿ ಹೊಲೀತೇವಿ!" ಎಂದು ನಕ್ಕು ಮಣೆ ಸರಿಸಿದ. "ಕುಂದರ್ರಿ. ಹಾಳಿ ಹಿಂದ ಮುಂದ ಮಾಡಬ್ಯಾಡ್ರಿ ಮತ್ತ."

ಹಾಳೆಗಳ ಒಂದೊಂದು ಮಡಿಕೆಯನ್ನೂ ಬಿಡಿಸಿ ಓದಿದೆ. ಮಧ್ಯಾಹ್ನ ಕಳೆಯಿತು. ಮುದುಕ ತನ್ನ ಚಹಾದಲ್ಲಿ ಅರ್ಧವನ್ನು ಸಾಸರಿಗೆ ಸುರಿದು ನನ್ನ ಕಡೆ ನೂಕಿದ. ಏಳನೆಯ ಮಡಿಕೆಯಲ್ಲಿ, ಲೇಖನದ ಕೊನೆಯಿಂದ ಎರಡನೆಯ ಪರಿಚ್ಛೇದದಲ್ಲಿ, ಅದು ಇತ್ತು: ಭಕ್ತಿ, ಅಂಜಿಕೆ, ಮೊದಲ ಸಾಲು, ಕಡೆಯ ಸಾಲು. ನನ್ನ ಕನ್ನಡ ಸ್ವಲ್ಪ ಚುರುಕಾಗಿತ್ತು, ಅಷ್ಟೇ ವ್ಯತ್ಯಾಸ.

"ಸಿಕ್ಕಿತೇನ್ರಿ?"

"ಸಿಕ್ಕಿತ್ರಿ."

"ಸಿಕ್ಕರ ಮಾರಿ ಹಿಂಗ್ಯಾಕ ಮಾಡೀರಿ?"

ಮರಾಠಿಯ ವಾಕ್ಯವನ್ನು ಇದ್ದಂತೆಯೇ ನಾಗರಿಯಲ್ಲಿ ಹೊಸ ಕಾರ್ಡೊಂದಕ್ಕೆ ನಕಲು ಮಾಡಿದೆ. ಒಂದೊಂದು ಅಕ್ಷರವನ್ನೂ ಎರಡು ಸಲ ತಾಳೆ ನೋಡಿ, ಪುಟಸಂಖ್ಯೆ ಹಾಕಿಕೊಂಡೆ. ಸಂಜೆ ನೇರವಾಗಿ ಗುರುಗಳ ಮನೆಗೆ ಹೋಗಿ ಎರಡೂ ಕಾರ್ಡುಗಳನ್ನು ಅವರ ಮುಂದಿಟ್ಟೆ.

"ನಿನ್ನೆ ನಾ ಸುಳ್ಳು ಹೇಳಿದೆ ಸರ. ಅದು ನಂದಲ್ಲ. ಆದರ ನಂದ ಅಂತ ತಿಳಕೊಂಡೇ ಹೇಳಿದ್ದು."

ಅವರು ಎರಡನ್ನೂ ಓದಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಉಳಿದ ಕಾರ್ಡು?"

ಒಂದು ವಾಕ್ಯದ ಭಯ ಆ ಗಳಿಗೆಯಲ್ಲಿ ಇಡೀ ಪೆಟ್ಟಿಗೆಯ ಭಯವಾಯಿತು.

"ಪರೀಕ್ಷಕರಿಗೆ ಮರಾಠಿ ಬರತದೋ ಇಲ್ಲೋ, ಅದು ಬ್ಯಾರೆ ಮಾತು," ಎಂದರು. "ಅನುವಾದ ಮಾಡಿದ ಕೂಡ್ಲೆ ವಿಚಾರ ನಿನ್ನದಾಗೂದಿಲ್ಲ. ಇನ್ನ ಮ್ಯಾಲೆ ಅವರ ಮಾತು ಬೇಕಂದ್ರ ಅವರ ಭಾಷಾದಾಗನ, ಅವರ ಲಿಪಿಯೊಳಗನ ಇಳಿಸು. ಎರಡೂ ತುದಿಗೆ ಚಿಹ್ನೆ ಹಾಕು, ಪುಟ ಹಾಕು. ಸಾರಾಂಶ ಬೇಕಂದ್ರ ಪುಸ್ತಕ ಮುಚ್ಚಿ ಬರಿ, ಆಮ್ಯಾಲೆ ತಗದು ತಾಳೆ ನೋಡು. ಅದಕ್ಕೂ ಪುಟ ಬೇಕು. ನಿನಗ ಹೊಳದದ್ದಕ್ಕ ಬ್ಯಾರೆ ಕಾರ್ಡು, ಅದರ ಮ್ಯಾಲೆ ನಿನ್ನ ಗುರುತು. ಮೂರೂ ಒಂದ ಪಾತ್ರೆಯೊಳಗ ಹಾಕಬ್ಯಾಡ." ಮೇಜಿನ ಮೇಲಿದ್ದ, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯಾಗಿದ್ದ ಪೆನ್ಸಿಲನ್ನು ನನ್ನ ಕಡೆ ಉರುಳಿಸಿದರು. "ಕೆಂಪು ಅವರದು."

ಬೇಸಿಗೆಯ ಗಡುವು ತಪ್ಪಿತು. ವಿಸ್ತರಣೆಯ ಅರ್ಜಿಯನ್ನು ಅವರ ಮುಂದಿಟ್ಟೆ. ಅವರು ಓದಿ, ಸಹಿ ಮಾಡಿ ಹಿಂದಿರುಗಿಸಿದರು. ಪ್ರತಿಯೊಂದು ಕಾರ್ಡನ್ನೂ ಮೂಲಗ್ರಂಥದ ಎದುರಿಗಿಟ್ಟು ನೋಡಿದೆ. ನನ್ನದೆಂದು ಖಚಿತವಾದದ್ದನ್ನು ಬೇರೆ ಕಾರ್ಡಿಗೆ ಇಳಿಸಿ, ಮೂಲೆಯಲ್ಲಿ ನನ್ನ ಗುರುತು ಹಾಕಿದೆ. ಅನುವಾದವೆಂಬುದನ್ನು ಮರೆತು ನನ್ನದೆಂದು ಬರೆದ ಮಾತುಗಳು ಇನ್ನೂ ಸಿಕ್ಕವು. ಅವಕ್ಕೆಲ್ಲ ಅಡಿಟಿಪ್ಪಣಿ ಹಾಕಿದೆ. ಎಲ್ಲಿಯೂ ಮೂಲ ಸಿಗದ, ನನ್ನದೇ ಎಂದು ಆಣೆ ಮಾಡಲೂ ಆಗದ ಒಂದು ವಾಕ್ಯ ಉಳಿಯಿತು. ಅದನ್ನು ಹೊಡೆದುಹಾಕಿದೆ. ಬಹುಶಃ ಅದು ನನ್ನದೇ ಇದ್ದೀತು.

ಅಧ್ಯಾಯವನ್ನು ಮತ್ತೆ ಒಯ್ದಾಗ ಅವರು ಅದೇ ಕಟ್ಟೆಯ ಮೇಲೆ, ಅದೇ ರೀತಿ ಗಟ್ಟಿಯಾಗಿ ಓದಿದರು. ಭಕ್ತಿ ಮತ್ತು ಅಂಜಿಕೆಯ ವಾಕ್ಯ ಈಗ ಉದ್ಧರಣ ಚಿಹ್ನೆಗಳ ನಡುವೆ, ಮೂಲ ಲೇಖಕರ ಹೆಸರಿನೊಂದಿಗೆ, ಅನುವಾದ ನನ್ನದೆಂಬ ಸೂಚನೆಯೊಂದಿಗೆ ಇತ್ತು. ಅಲ್ಲಿ ಅವರು ನಿಲ್ಲಲಿಲ್ಲ. ಮುಂದಿನ ಪುಟದಲ್ಲಿ, ಹೆಬ್ಬಳ್ಳಿಯ ಕಲ್ಲನ್ನು ಕುರಿತು ನಾನು ಬರೆದಿದ್ದ ಸಾದಾ ವಾಕ್ಯದ ಬಳಿ ಬೆರಳಿಟ್ಟರು.

"ಇದು ನಿನ್ನದೇನು?"

ಬಾಯಿಗೆ ಬಂದ ಉತ್ತರವನ್ನು ತಡೆದುಕೊಂಡೆ. ಚೀಲದಿಂದ ಪೆಟ್ಟಿಗೆ ತೆಗೆದು, ಕಾರ್ಡು ಹುಡುಕಿ, ಅವರ ಕೈಗೆ ಕೊಟ್ಟೆ. ಅವರು ಮೂಲೆಯಲ್ಲಿದ್ದ ನನ್ನ ಹೆಸರಿನ ಮೊದಲಕ್ಷರವನ್ನು ನೋಡಿ, ಪುಟ ತಿರುವಿದರು.