ತಂತಿಯವರೆಗೆ ಇಳಿಯದ ಲೆಕ್ಕ

ಪುಣೆಯ ಹತ್ತಿರದ ಚಾಕಣದ ಒಂದು ದೀಪದ ಕಾರ್ಖಾನೆಯಲ್ಲಿ ಕಾಡಪ್ಪನದು ಸಾಮಗ್ರಿಯ ಲೆಕ್ಕ ಹಾಕುವ ಕೆಲಸ. ವಾಹನಗಳ ಹಿಂಬದಿ ದೀಪಕ್ಕೆ ಬೇಡಿಕೆ ಬಂತೆಂದರೆ, ಒಂದು ದೀಪಕ್ಕೆ ಏನೇನು ಬೇಕೆಂಬ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತ ಹೋಗಿ, ಕಚ್ಚಾ ಮಾಲು ಎಷ್ಟು ತರಿಸಬೇಕೆಂದು ಅವನು ಹೇಳಬೇಕು. ದೀಪವನ್ನು ಬಿಡಿಸಿದರೆ ಕವಚ, ಮುಂದಿನ ಕೆಂಪು ಮುಚ್ಚಳ, ತಂತಿಯ ಜೋಡಣೆ. ಕವಚವನ್ನು ಬಿಡಿಸಿದರೆ ಪ್ಲಾಸ್ಟಿಕ್ ಕಾಳು. ತಂತಿಯ ಜೋಡಣೆಯನ್ನು ಬಿಡಿಸಿದರೆ ತಂತಿ, ಅದರ ತುದಿಗೆ ಕೂಡಿಸುವ ಟರ್ಮಿನಲ್, ಕನೆಕ್ಟರ್.

ಆ ಜೋಡಣೆಯನ್ನು ಕಟ್ಟುವ ಹೆಂಗಸರಲ್ಲಿ ಅವನ ಅಕ್ಕ ಪಾರವ್ವಳೂ ಒಬ್ಬಳು. ತಾಯಿ ತೀರಿಕೊಂಡ ವರ್ಷ ಜಮಖಂಡಿಯಿಂದ ತಮ್ಮನ ಕೈ ಹಿಡಿದುಕೊಂಡು ಪುಣೆಗೆ ಬಂದವಳು. ಇದೇ ಬೆಂಚಿನ ಮುಂದೆ ತಂತಿ ಕತ್ತರಿಸುತ್ತ ಅವನನ್ನು ಬಿ.ಕಾಂ. ಮುಗಿಸುವವರೆಗೆ ಓದಿಸಿದವಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ, "ಮೊದಲ ಇವ ಒಂದು ಕುರ್ಚಿ ಮ್ಯಾಲ ಕೂಡ್ಲಿ" ಎನ್ನುತ್ತಿದ್ದಳು. ಅವನು ಕುರ್ಚಿಯ ಮೇಲೆ ಕುಳಿತ ಹೊತ್ತಿಗೆ ಆ ಮಾತು ತರುವವರೇ ಇರಲಿಲ್ಲ.

ಈಗ ದೊಡ್ಡದೊಂದು ಬೇಡಿಕೆ ಬಂದಿತ್ತು, ಎರಡು ಸಾವಿರ ದೀಪ. ಊಟದ ಬಿಡುವಿನಲ್ಲಿ ಪಾರವ್ವ ಬುತ್ತಿ ಬಿಚ್ಚುತ್ತ ಕೇಳಿದಳು.

"ಏನೋ ತಮ್ಮಾ, ನಮ್ಮ ಡ್ರಮ್ಮಿನ್ಯಾಗ ತಂತಿ ತಳಾ ಕಂಡದ. ಹೊಸಾದು ಯಾವಾಗ ತರಸ್ತಿ?"

"ಇವತ್ತ ಲೆಕ್ಕಾ ಬಿಡಸ್ತೀನಿ ಅಕ್ಕಾ."

"ಬಿಡಸಪಾ ಲಗೂನ. ಕುರ್ಚಿ ಮ್ಯಾಲ ನಿದ್ದಿ ಹೊಡೀಬ್ಯಾಡ."

ಕಾಡಪ್ಪನು ಬಂದು ಕುಳಿತು ಬಾಯಿಲೆಕ್ಕ ಹಾಕಿದ. ದೀಪಕ್ಕೊಂದು ಜೋಡಣೆ, ಎರಡು ಸಾವಿರ ಬೇಕು. ಕಟ್ಟಿಟ್ಟದ್ದು ಮುನ್ನೂರು ಇದೆ. ಅದನ್ನು ಮೊದಲೇ ಕಳೆಯಬೇಕು, ಇಲ್ಲವಾದರೆ ಆ ಮುನ್ನೂರಕ್ಕೂ ಮತ್ತೆ ತಂತಿ ತರಿಸಿದಂತಾಗುತ್ತದೆ. ಉಳಿದದ್ದು ಸಾವಿರದ ಏಳುನೂರು. ಒಂದಕ್ಕೆ ಒಂದೂಕಾಲು ಮೀಟರು ತಂತಿ, ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಎರಡು ಹೆಚ್ಚು. ಡ್ರಮ್ಮಿನಲ್ಲಿ ಉಳಿದ ತಂತಿಯನ್ನು ಅದರಲ್ಲಿ ಕಳೆದರೆ ಸರಿ. ಕಂಪ್ಯೂಟರೂ ಇಷ್ಟನ್ನೇ ಹೇಳಬೇಕಿತ್ತು.

ಕಂಪ್ಯೂಟರು ಪ್ಲಾಸ್ಟಿಕ್ ಕಾಳನ್ನು ಸರಿಯಾಗಿ ತೋರಿಸಿತು. ತಂತಿಯ ಹೆಸರೇ ಇರಲಿಲ್ಲ. 'ತಂತಿಯ ಜೋಡಣೆ, ಸಾವಿರದ ಏಳುನೂರು, ಖರೀದಿ' ಎಂಬಲ್ಲಿಗೆ ಲೆಕ್ಕ ನಿಂತುಬಿಟ್ಟಿತ್ತು. ಇಲ್ಲಿಯೇ ಮಾಡುವ ವಸ್ತುವಾದರೆ ಕಂಪ್ಯೂಟರು ಅದರೊಳಗೆ ಇಳಿಯುತ್ತದೆ. ಹೊರಗಿನಿಂದ ಕೊಳ್ಳುವ ವಸ್ತುವಾದರೆ ಅದರೊಳಗೆ ಏನಿದೆಯೆಂದು ಕೇಳುವ ಗೊಡವೆಗೇ ಹೋಗುವುದಿಲ್ಲ.

ಇಲ್ಲಿಯೇ ಮಾಡುವ ವಸ್ತುವಿಗೆ ಯಾರೋ ತಪ್ಪಿ 'ಖರೀದಿ' ಎಂಬ ಗುರುತು ಹಾಕಿದ್ದಾರೆಂದುಕೊಂಡು, ವಸ್ತುಗಳ ವಿವರ ತುಂಬುವ ಶಿವಾನಿಗೆ ಫೋನು ಮಾಡಿದ.

"ತಪ್ಪಲ್ಲ ಸರ್," ಎಂದಳು ಅವಳು, ದನಿ ತಗ್ಗಿಸಿ. "ಅಭಿಲಾಷ ಸರ್ ಬರೆದುಕೊಟ್ಟರು, ನಾನು ಬದಲಾಯಿಸಿದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಕಾಡಪ್ಪನು ಉತ್ಪಾದನೆಯ ಮುಖ್ಯಸ್ಥ ಅಭಿಲಾಷನ ಕೋಣೆಗೆ ಹೋದ. ಅಭಿಲಾಷ ಕೆಟ್ಟ ಮನುಷ್ಯನಲ್ಲ. ಎದ್ದು ಬಾಗಿಲು ಮುಚ್ಚಿ ಬಂದ. ಜೋಡಣೆಯನ್ನು ಹೊರಗಿನವರು ಕಡಿಮೆ ಬೆಲೆಗೆ ಕೊಡುತ್ತಾರೆ, ಆ ಬೆಂಚು ತೆಗೆಯುವುದೆಂದು ಮೇಲಿನವರು ತೀರ್ಮಾನಿಸಿದ್ದಾರೆ, ಇನ್ನು ಕೆಲಸವಿಲ್ಲವೆಂದು ಹೆಂಗಸರಿಗೆ ತಿಂಗಳ ಕೊನೆಗೆ ಹೇಳುವುದು ಎಂದು ಮರಾಠಿಯಲ್ಲಿ ಮೆಲ್ಲಗೆ ತಿಳಿಸಿದ.

"ಈ ಒಂದು ಬೇಡಿಕೆಯನ್ನಾದರೂ ಇಲ್ಲೇ ಕಟ್ಟಲಿ ಸರ್," ಎಂದು ಕಾಡಪ್ಪನೂ ಮರಾಠಿಯಲ್ಲಿಯೇ ಕೇಳಿಕೊಂಡ. "ಹಳೆಯ ಗುರುತು ಹಾಕಿದರೆ ಸಾಕು, ಲೆಕ್ಕ ಮತ್ತೆ ತಂತಿಯವರೆಗೆ ಇಳಿಯುತ್ತದೆ."

"ಅಸೂ ದೇ, ಇರಲಿ ಬಿಡು ಕಾಡಪ್ಪಾ. ಹೊರಗಿನವರಿಗೆ ಮಾತು ಕೊಟ್ಟಾಗಿದೆ. ಬಂದ ಲೆಕ್ಕವನ್ನೇ ಸಂಜೆಯೊಳಗೆ ಖರೀದಿಗೆ ಕಳಿಸು."

ಕುರ್ಚಿಗೆ ಮರಳಿದವನು ಪರದೆಯ ಮೇಲಿನ ಲೆಕ್ಕವನ್ನು ಮತ್ತೆ ಮೊದಲಿನಿಂದ ನೋಡಿದ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಡ್ರಮ್ಮಿನ ತಳದ ತಂತಿಯನ್ನು ಕೂಡ ಕಂಪ್ಯೂಟರು 'ಬೇಡಿಕೆ ಇಲ್ಲ' ಎಂದು ಬೇರೆಯಾಗಿ ತೋರಿಸುತ್ತಿತ್ತು. ಖರೀದಿಗೆ ಕಳಿಸುವ ಗುಂಡಿ ಒತ್ತಿದ. ಒತ್ತಿದ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡ.

ಪಾಳಿ ಬಿಡುವ ಹೊತ್ತಿಗೆ ಬೆಂಚಿನ ಬಳಿಗೆ ಹೋದ. ಉಳಿದ ಹೆಂಗಸರು ಕೈ ತೊಳೆಯಲು ಹೋಗಿದ್ದರು. ಪಾರವ್ವ ತುಂಡು ತಂತಿಗಳನ್ನು ಗುಡಿಸುತ್ತಿದ್ದಳು.

"ಬಂತೇನು ಲೆಕ್ಕ?"

"ಬಂತು ಅಕ್ಕಾ. ತಂತಿ ತರಸೂದಿಲ್ಲ."

"ಯಾಕ?"

"ಕಟ್ಟಿದ್ದನ್ನ ಹೊರಗಿಂದ ತರಸ್ತಾರ. ಇನ್ನ ಮ್ಯಾಲ ಇಲ್ಲಿ ಕಟ್ಟೂದಿಲ್ಲ."

ಅವಳ ಪೊರಕೆ ನಿಂತಿತು. ಬೆಂಚಿನ ಉದ್ದಕ್ಕೂ ಒಮ್ಮೆ ನೋಡಿದಳು.

"ನೀನ ಕಳಿಸಿದೇನು ಅದನ್ನ?"

"ಹೂಂ."

"ಆತು ಬಿಡು. ಬ್ಯಾರೆಯವ್ರು ಕಳಿಸಿದ್ರ ನನಗ ಯಾರ ಹೇಳ್ತಿದ್ರು?" ಎಂದವಳು ಮತ್ತೆ ಬಗ್ಗಿದಳು. ಬಗ್ಗಿದಂತೆಯೇ, "ನನ್ನ ಬಾಜೂಕ ಕೂಡೂ ರಂಗೂಬಾಯಿಗೆ ನಾ ಹೇಳ್ತೀನಿ. ಆಕಿ ಮನ್ಯಾಗ ದುಡಿಯವ್ರು ಬ್ಯಾರೆ ಯಾರೂ ಇಲ್ಲ. ನೀ ಹೇಳಾಕ ಹೋಗಬ್ಯಾಡ, ನಿನ್ನ ಕೈಲೆ ಆಗೂದಿಲ್ಲ" ಎಂದಳು.

ಕಂಪನಿಯ ಬಸ್ಸಿನಲ್ಲಿ ಕಾಡಪ್ಪನು ತನ್ನ ಪಕ್ಕದ ಜಾಗಕ್ಕೆ ಬುತ್ತಿಚೀಲ ಇಟ್ಟು ಕಾದ. ಪಾರವ್ವ ಹತ್ತಿದಳು, ಅವನ ಹೆಗಲನ್ನು ಒಮ್ಮೆ ಮುಟ್ಟಿದಳು, ಮುಂದೆ ಹೋಗಿ ಹೆಂಗಸರ ನಡುವೆ ಕುಳಿತಳು. ಬಸ್ಸು ಗೇಟು ದಾಟುವಾಗ ಅವರ ನಗು ಇನ್ನೂ ಕೇಳುತ್ತಿತ್ತು. ಪಾರವ್ವ ರಂಗೂಬಾಯಿಯ ಕಡೆಗೆ ಬಾಗಿದಳು; ಹೆದ್ದಾರಿಗೆ ತಿರುಗುವಷ್ಟರಲ್ಲಿ ನಗು ನಿಂತಿತು.