ಆರು ಪಾಯಿಂಟ್ ನಾಲ್ಕರ ಕೆಂಚಿ

ಜೋಯಾ ಕಾನ್ ಸಖಾಲಿನ್ ದ್ವೀಪದ ಖೋಲ್ಮ್‌ಸ್ಕ್ ಬಂದರಿನಲ್ಲಿ ಮೀನು ಕಾರ್ಖಾನೆಯ ಹೆಂಗಸರ ತಲೆಗಳನ್ನು ತನ್ನ ಅರ್ಧ ಆಯುಷ್ಯ ಆಳಿದವಳು. ಒಂದು ಕುರ್ಚಿ, ಒಂದು ಕನ್ನಡಿ, ಬಿಸಿನೀರಿಗೆ ಒಂದು ಕೆಟಲು, ಅಷ್ಟೇ ಅವಳ ಅಂಗಡಿ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಅವಳ ತಲೆಗೆ ಯಾವ ನಂಬರಿನ ಬಣ್ಣ ಎಂದು ಜೋಯಾ ಹೇಳಿಬಿಡುತ್ತಿದ್ದಳು. ಡಬ್ಬಿಯ ಮೇಲಿನ ಚಿತ್ರ ತೋರಿಸಿ ಇಂಥದೇ ಬೇಕು ಎಂದವರಿಗೆ ಬೈಗುಳವೇ ಗತಿ. ಚಿತ್ರ ಮಾರುವವನದು, ನಂಬರು ಕಸುಬಿನವರದು ಎಂಬುದು ಅವಳ ವಾದ. ಆ ವಾದದ ಎದುರು ಗೆದ್ದವರು ಆ ಊರಿನಲ್ಲಿ ಇರಲಿಲ್ಲ.

ಅವಳ ಸ್ವಂತ ತಲೆಯ ನಂಬರು ಆರು ಪಾಯಿಂಟ್ ನಾಲ್ಕು. ಅಲ್ಲಿನ ಲೆಕ್ಕದಲ್ಲಿ ಒಂದು ಎಂದರೆ ಕಡುಕಪ್ಪು, ನಂಬರು ಏರಿದಷ್ಟೂ ಬಣ್ಣ ತಿಳಿ. ಚುಕ್ಕೆಯ ಆಚೆಗಿನ ನಾಲ್ಕು ತಾಮ್ರದ ಛಾಯೆ. ಇಪ್ಪತ್ತರ ಹರೆಯದಲ್ಲಿ ಗಂಡನನ್ನು ಮೆಚ್ಚಿಸಲು ಹಚ್ಚಿಕೊಂಡ ಬಣ್ಣ ಅದು. ಗಂಡ ಸತ್ತ ಮೇಲೂ ಬಿಡಲಿಲ್ಲ. ತಾಯಿ ಫುಮಿಯೆ ಮೊದಮೊದಲು ರೇಗಿದಳು, ಆಮೇಲೆ ಮಗಳನ್ನು ಕೆಂಚಿ ಎಂದೇ ಕರೆಯತೊಡಗಿದಳು.

ಫುಮಿಯೆ ಹುಟ್ಟಿನಿಂದ ಜಪಾನಿನವಳು. ಯುದ್ಧ ಸೋತು, ದ್ವೀಪ ರಷ್ಯಾದ ಪಾಲಾಗಿ, ಜಪಾನಿನವರೆಲ್ಲ ಅದನ್ನು ಬಿಟ್ಟು ಹಡಗು ಹತ್ತಿದಾಗ ಕೊರಿಯಾದವನನ್ನು ಕಟ್ಟಿಕೊಂಡಿದ್ದ ಇವಳು ಅಲ್ಲೇ ಉಳಿದಳು. ಸಿಕ್ಕಿದ ಅತ್ತೆ ಹೆಮ್ಮಾರಿ. ಜಪಾನಿಗಳ ಮೇಲಿನ ಊರಿನ ಸಿಟ್ಟನ್ನೆಲ್ಲ ಆ ಮುದುಕಿ ಒಬ್ಬ ಸೊಸೆಯ ಮೇಲೆ ತೀರಿಸಿಕೊಂಡಳು. ಸೊಸೆ ಎರಡು ತುತ್ತು ತಿನ್ನುವಷ್ಟರಲ್ಲಿ ಬಟ್ಟಲು ಕಿತ್ತುಕೊಳ್ಳುವುದು ಅವಳ ಅಭ್ಯಾಸ. ಎಂಬತ್ತು ದಾಟಿ ಸಾಯುವಾಗಲೂ ಆ ಮುದುಕಿಯ ತಲೆಯಲ್ಲಿ ಒಂದೂ ಬಿಳಿ ಕೂದಲು ಇರಲಿಲ್ಲವಂತೆ.

ಅರ್ಧ ಶತಮಾನ ಕಳೆದ ಮೇಲೆ ಜಪಾನ್ ಸರ್ಕಾರ ಅಂಥ ಹೆಂಗಸರನ್ನು ನೆನೆಸಿಕೊಂಡು ವಾಪಸು ಕರೆಯಿತು, ಜೊತೆಗೆ ಒಬ್ಬ ಮಗನನ್ನೋ ಮಗಳನ್ನೋ ಕರೆತರಬಹುದು ಎಂದಿತು. ಹಾಗೆ ತಾಯಿ ಮಗಳು ಸಪ್ಪೊರೊ ನಗರದ ಸರ್ಕಾರಿ ವಸತಿಯ ನಾಲ್ಕನೇ ಮಹಡಿಗೆ ಬಂದರು. ತಾಯಿಗೆ ತವರು ಸಿಕ್ಕಿತು, ಆದರೆ ಅದನ್ನು ತವರು ಎಂದು ತಿಳಿಯುವ ಬುದ್ಧಿ ಅಷ್ಟರಲ್ಲಿ ಕರಗತೊಡಗಿತ್ತು. ಮೊದಲು ರಷ್ಯನ್ ಮಾತು ಹೋಯಿತು, ಆಮೇಲೆ ಗಂಡನ ಹೆಸರು ಹೋಯಿತು, ಕಡೆಗೆ ಮಗಳ ಮುಖವೂ ಹೋಯಿತು. ಉಳಿದದ್ದು ಕೂದಲು. ಮಂಜುಗಣ್ಣಿಗೆ ತಾಮ್ರದ ಬಣ್ಣ ಕಂಡರೆ ಸಾಕು, ಮುದುಕಿ ಕೈ ಚಾಚುತ್ತಿದ್ದಳು.

"ಕೆಂಚಿ ಬಂದ್ಯಾ? ಹಸಿವು ಕಣೇ" ಅನ್ನುತ್ತಿದ್ದಳು. ಕೆಂಚಿಯ ಕೈ ಬಿಟ್ಟರೆ ಇನ್ನಾರ ಕೈಯಿಂದಲೂ ಗಂಜಿ ಕುಡಿಯುತ್ತಿರಲಿಲ್ಲ.

ಊರಿನಿಂದ ತಂದ ಬಣ್ಣದ ಟ್ಯೂಬುಗಳು ಚಳಿಗಾಲದ ನಡುವೆ ಮುಗಿದವು. ಗೆಳತಿ ಕಳಿಸುತ್ತೇನೆಂದಳು, ಆದರೆ ತರುವ ಹಡಗು ವಸಂತದವರೆಗೆ ಇಲ್ಲ. ಬುಡದಲ್ಲಿ ಬಿಳಿ ಎದ್ದಂತೆಲ್ಲ ಮುದುಕಿಯ ಕೈ ಚಾಚುವುದು ತಡವಾಗತೊಡಗಿತು. ಒಂದು ಬೆಳಿಗ್ಗೆ ಬಹಳ ಹೊತ್ತು ದಿಟ್ಟಿಸಿ, ಬಾಯಿ ತೆರೆಯದೆ ಗೋಡೆಯ ಕಡೆ ತಿರುಗಿದಳು. ಜೋಯಾ ಕೋಟು ಹಾಕಿಕೊಂಡು ಹಿಮದಲ್ಲಿ ಔಷಧಿ ಅಂಗಡಿಗೆ ಹೊರಟಳು.

ಅಂಗಡಿಯ ಒಂದಿಡೀ ಗೋಡೆ ಕೂದಲ ಬಣ್ಣದ ಡಬ್ಬಿಗಳು. ಜೋಯಾಳ ಜಪಾನಿ ಮಾತು ತಾಯಿಯ ಅಡುಗೆಮನೆಯಲ್ಲಿ ಕಲಿತದ್ದು, ಓದಲು ಒಂದಕ್ಷರ ಬಾರದು. ಆದರೆ ಅಂಕಿಗಳು ಅವೇ ಅಂಕಿಗಳು. ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಅವಳಿಗೆ ಓದಲು ಬರುವಂಥದ್ದು ಎದುರಿಗಿತ್ತು, ಅದರ ಖುಷಿಯೇ ಅವಳನ್ನು ಕೆಡಿಸಿತು. ಬಿಳಿ ಕೂದಲು ಮುಚ್ಚುವ ಬಣ್ಣಗಳ ಸಾಲಿನಲ್ಲಿ ಆರು ಎಂದಿದ್ದ ಡಬ್ಬಿಯನ್ನು ಎತ್ತಿಕೊಂಡಳು. ಮೇಲಿನ ಚಿತ್ರದಲ್ಲಿ ಬಣ್ಣ ಗಾಢವಾಗಿತ್ತು, ಪಕ್ಕದಲ್ಲಿ ಅಂಟಿಸಿದ ಕೂದಲಿನ ಎಳೆಯೂ ಗಾಢವೇ. ಎರಡು ಡಬ್ಬಿ ಈಚೆಗೆ, ನಾಲ್ಕು ಎಂದು ಬರೆದ ಡಬ್ಬಿಯ ಚಿತ್ರ ಹೆಚ್ಚು ಕಡಿಮೆ ಅವಳ ತಲೆಯಂತೆಯೇ ಇತ್ತು. ಜೋಯಾ ಅದನ್ನು ನೋಡಿ ಮೂಗು ಮುರಿದಳು. ನಾಲ್ಕು ಎಂದರೆ ತೀರಾ ಗಾಢ, ಚಿತ್ರ ಯಾವತ್ತೂ ಹೀಗೆಯೇ ಸುಳ್ಳು ಹೇಳುತ್ತದೆ ಎಂದುಕೊಂಡಳು. ಕಸುಬು ಗೊತ್ತಿಲ್ಲದ ಯಾವ ಹೆಂಗಸಾದರೂ ಚಿತ್ರ ನೋಡಿ ಸರಿಯಾದ ಡಬ್ಬಿಯನ್ನೇ ತರುತ್ತಿದ್ದಳು.

ಆ ದೇಶದ ಅಂಥ ಡಬ್ಬಿಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ನಂಬರು ಏರಿದಷ್ಟೂ ಬಣ್ಣ ಕಪ್ಪಿಗೆ ಹೋಗುತ್ತದೆ, ಆರರ ಮುಂದಿನ ಏಳು ಕಪ್ಪೇ. ತಲೆ ತೊಳೆದು ಜೋಯಾ ಕನ್ನಡಿ ನೋಡಿಕೊಂಡಳು. ಬುಡದಿಂದ ತುದಿಯವರೆಗೆ ಕಪ್ಪು ಎನ್ನುವಷ್ಟು ಗಾಢ ಕಂದು. ಮೂರು ಸಲ ಸೋಪು ಹಾಕಿ ತಿಕ್ಕಿದಳು. ಬಣ್ಣದ ಮೇಲೆ ಬಣ್ಣ ಹಚ್ಚಿ ತಿಳಿ ಮಾಡಲಾಗದು ಎಂದು ಊರಿಗೆಲ್ಲ ಪಾಠ ಹೇಳಿದವಳು, ತಿಕ್ಕಿದರೆ ಹೋಗುವುದಲ್ಲ ಎಂದು ಗೊತ್ತಿದ್ದೂ ತಿಕ್ಕಿದಳು.

ಗಂಜಿಯ ಬಟ್ಟಲು ಹಿಡಿದು ಹಾಸಿಗೆಯ ಬಳಿ ಕೂತಾಗ ಫುಮಿಯೆ ಮಗಳ ತಲೆಯನ್ನು ನೋಡಿದಳು. ನೋಡುತ್ತಾ ನೋಡುತ್ತಾ ಗೋಡೆಗೆ ಒತ್ತಿಕೊಂಡು ಸಣ್ಣದಾದಳು.

"ಅತ್ತೆ, ನಾನು ತಿಂದಿಲ್ಲ. ದೇವ್ರಾಣೆ, ಏನೂ ಮುಟ್ಟಿಲ್ಲ" ಅಂದಳು.

ನಾನಮ್ಮಾ, ನಿನ್ನ ಕೆಂಚಿ ಎಂದು ಜೋಯಾ ಎಷ್ಟು ಸಲ ಹೇಳಿದರೂ ಮುದುಕಿ ಕೈಯಿಂದ ಬಾಯಿ ಮುಚ್ಚಿಕೊಂಡೇ ಇದ್ದಳು. ಮಾರನೆಯ ದಿನವೂ ಅಷ್ಟೇ. ತಲೆಗೆ ಬಟ್ಟೆ ಸುತ್ತಿಕೊಂಡು ಹೋದರೆ, ಬಟ್ಟೆಯೊಳಗೆ ಯಾರು ಎಂದು ಕೇಳಿ ನಡುಗಿದಳು. ಕಡೆಗೆ ಜೋಯಾ ವಾರ್ಡ್ ಕಚೇರಿಗೆ ಹೋಗಿ ಮನೆಗೆ ಸಹಾಯಕಿ ಬೇಕು ಎಂದು ಕೇಳಿಕೊಂಡಳು. ತಾಯಿಯನ್ನು ಪರರ ಕೈಗೆ ಕೊಡುವುದಿಲ್ಲ ಎಂದು ಅದುವರೆಗೆ ಬೀಗಿದವಳು.

ಬಂದವಳು ಚಿಸಾತೊ. ನಲವತ್ತೈದರ ಆಸುಪಾಸು, ದುಂಡು ಮುಖ, ಮಾತು ಜಾಸ್ತಿ. ಅವಳು ಬಾಗಿಲಲ್ಲಿ ಟೋಪಿ ತೆಗೆದು ಹಿಮ ಕೊಡವಿದಾಗ ಜೋಯಾ ಅವಳ ತಲೆಯನ್ನೇ ನೋಡುತ್ತಾ ನಿಂತಳು. ಆರು ಪಾಯಿಂಟ್ ನಾಲ್ಕು, ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಒಳಗಿನಿಂದ ತಾಯಿಯ ದನಿ ಕೇಳಿಸಿತು.

"ಕೆಂಚಿ, ಎಲ್ಲಿ ಹೋಗಿದ್ಯೇ ಇಷ್ಟ್ ದಿನ?"

ಚಿಸಾತೊ ನಗುತ್ತಾ ಒಳಗೆ ಹೋದಳು. ಬಟ್ಟಲು ಖಾಲಿಯಾಯಿತು. ಅಮ್ಮ ಉಂಡಳಲ್ಲ ಎಂಬ ನೆಮ್ಮದಿಯೂ ಹೊಟ್ಟೆಯುರಿಯೂ ಒಟ್ಟಿಗೇ ಬಂದವು, ಯಾವುದು ಹೆಚ್ಚು ಎಂದು ಜೋಯಾಗೆ ಹೇಳಲಾಗಲಿಲ್ಲ.

ಅಲ್ಲಿಗಾದರೂ ಕೇಳಬಹುದಿತ್ತು, ನಿನ್ನ ತಲೆಗೆ ಯಾವ ಡಬ್ಬಿ ಎಂದು. ಕೇಳಲಿಲ್ಲ. ಖೋಲ್ಮ್‌ಸ್ಕಿನ ಜೋಯಾ ಬಣ್ಣದ ವಿಷಯವನ್ನು ಒಬ್ಬ ಗಂಜಿ ಕುಡಿಸುವವಳಿಂದ ಕೇಳಬೇಕೇ? ಬ್ಲೀಚ್ ತಂದು ತನ್ನ ಕಪ್ಪನ್ನು ತಾನೇ ಕಿತ್ತಳು. ತಲೆ ಕಿತ್ತಳೆಯಾಯಿತು. ಆಮೇಲೆ ಡಬ್ಬಿಗಳ ಗೊಡವೆಯೇ ಬೇಡವೆಂದು ಕ್ಷೌರದಂಗಡಿಯವರು ಸಾಮಾನು ಕೊಳ್ಳುವ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಹೊರಗಿನವರಿಗೆ ಕೊಡುವುದಿಲ್ಲ ಎಂದ ಅಂಗಡಿಯವನ ಮುಂದೆ ಬಣ್ಣ ಕಚ್ಚಿದ ಬೆರಳುಗಳನ್ನು ಚಾಚಿದಳು. ಅವನು ನಕ್ಕು ಒಳಗೆ ಬಿಟ್ಟ. ಯುರೋಪಿನಿಂದ ಬಂದ ಟ್ಯೂಬುಗಳು, ನಂಬರು ಏರಿದಷ್ಟೂ ತಿಳಿ. ಬಣ್ಣದ ಪಟ್ಟಿಗೆ ಅಂಟಿಸಿದ ಕೂದಲ ಎಳೆಗಳನ್ನು ನೋಡಿ ಅಷ್ಟನ್ನು ಖಾತ್ರಿ ಮಾಡಿಕೊಂಡಳು. ಆರು, ಓರೆಗೆರೆ, ನಾಲ್ಕು ಎಂದಿದ್ದ ಟ್ಯೂಬು ಕಂಡಾಗ ಊರಿನವರು ಸಿಕ್ಕಷ್ಟು ಹಿಗ್ಗಿದಳು. ಚುಕ್ಕೆಯ ಬದಲು ಗೆರೆ, ಅಷ್ಟೇ ತಾನೇ ಎಂದುಕೊಂಡಳು.

ಅಷ್ಟೇ ಆಗಿರಲಿಲ್ಲ. ಮೊದಲ ಅಂಕಿ ಎರಡು ಕಂಪನಿಗೂ ಒಂದೇ, ಎರಡನೆಯದು ಕಂಪನಿಗೊಂದು ಬಗೆ. ಅವಳ ಹಳೆಯ ಟ್ಯೂಬಿನ ನಾಲ್ಕು ತಾಮ್ರ, ಈ ಕಂಪನಿಯ ನಾಲ್ಕು ಅಪ್ಪಟ ಕೆಂಪು. ಇಲ್ಲಿ ತಾಮ್ರ ಬೇಕಾದರೆ ಗೆರೆಯ ಆಚೆ ಹೊನ್ನಿನ ಮೂರೂ ಕೆಂಪಿನ ನಾಲ್ಕೂ ಎರಡೂ ಇರಬೇಕಿತ್ತು. ಬ್ಲೀಚ್ ತಿಂದ ಕೂದಲು ಆ ಕೆಂಪನ್ನು ಗಟಗಟ ಕುಡಿಯಿತು. ತಲೆ ಬೀಟ್‌ರೂಟು ಸಾರಿನ ಬಣ್ಣಕ್ಕೆ ತಿರುಗಿತು, ನೆತ್ತಿಯಲ್ಲಿ ಬೊಬ್ಬೆಗಳೆದ್ದವು, ಬಾಚಿದರೆ ಎಳೆಗಳು ತುಂಡಾಗಿ ಕೈಗೆ ಬಂದವು. ಫುಮಿಯೆ ಅವಳನ್ನು ನೋಡಿ ಹೆದರಲೂ ಇಲ್ಲ. ಇದು ಯಾರ ಮನೆಯ ಹೆಂಗಸು ಎಂದು ಚಿಸಾತೊಳನ್ನು ಕೇಳಿದಳು.

ಗಾಯ ಮಾಯುವವರೆಗೆ ತಲೆಗೆ ಏನೂ ಮುಟ್ಟಿಸುವಂತಿರಲಿಲ್ಲ. ಆ ದಿನಗಳಲ್ಲಿ ಜೋಯಾ ಗಂಜಿ ಬೇಯಿಸುವುದು, ಬಾಗಿಲ ಸಂದಿಯಿಂದ ನೋಡುವುದು, ಇಷ್ಟೇ ಮಾಡಿದಳು. ಒಳಗೆ ತಾಯಿ ತನ್ನ ಮದುವೆಯ ಕಥೆ, ಅತ್ತೆಯ ಕಥೆ, ಕೆಂಚಿ ಹುಟ್ಟಿದ ಕಥೆಯನ್ನೆಲ್ಲ ಚಿಸಾತೊಗೆ ಹೇಳುತ್ತಿದ್ದಳು. ಕೆಲವನ್ನು ಜೋಯಾ ಅದುವರೆಗೆ ಕೇಳಿಯೇ ಇರಲಿಲ್ಲ.

ಒಂದು ದಿನ ಚಿಸಾತೊ ಹೊರಡುವಾಗ, ಜೋಯಾ ಸೋತು, ಅವಳ ತಲೆಗೆ ಯಾವ ಡಬ್ಬಿ ಎಂದು ಕೇಳಿದಳು. ಚಿಸಾತೊಗೆ ಅದರಲ್ಲಿ ಯಾವ ಗುಟ್ಟೂ ಇರಲಿಲ್ಲ.

"ನಾಲ್ಕು ಕಣ್ರೀ. ದೊಡ್ಡ ನಂಬರ್ ತಗೊಂಡ್ರೆ ಕಪ್ಪಾಗತ್ತೆ, ಅಷ್ಟೇ. ನಾನೇನ್ ನಂಬರ್ ನೋಡಿ ಆರಿಸಲ್ಲಪ್ಪ, ಡಬ್ಬಿ ಮೇಲಿನ್ ಹುಡುಗಿ ಚೆನ್ನಾಗಿದ್ರೆ ತರ್ತೀನಿ."

ಜೋಯಾ ಅದೇ ಅಂಗಡಿಯ ಅದೇ ಗೋಡೆಗೆ ಹೋದಳು. ಅವತ್ತು ಮೂಗು ಮುರಿದ ಡಬ್ಬಿ ಅಲ್ಲೇ ಇತ್ತು. ಬುಡಕ್ಕೆ ಒಂದಷ್ಟು ಹೊತ್ತು, ಕೆಂಪಾದ ಕಡೆ ಇನ್ನೊಂದಷ್ಟು ಹೊತ್ತು, ಇದ್ದಬದ್ದ ವಿದ್ಯೆಯನ್ನೆಲ್ಲ ಸುರಿದು ಹಚ್ಚಿದಳು. ಈ ಸಲ ಕನ್ನಡಿಯಲ್ಲಿ ಹಳೆಯ ಜೋಯಾ ಕಂಡಳು, ಸೊರಗಿದ್ದಳು, ಆದರೆ ಅವಳೇ. ಅಳು ಬಂತು. ಕಣ್ಣೊರೆಸಿಕೊಂಡು ಗಂಜಿ ಬಿಸಿ ಮಾಡಿ ಒಳಗೆ ಹೋದಳು. ಚಿಸಾತೊ ಹಾಸಿಗೆಯ ಪಕ್ಕ ಕೂತು ಮುದುಕಿಯ ಉಗುರು ಕತ್ತರಿಸುತ್ತಿದ್ದಳು.

ಫುಮಿಯೆ ತಲೆಯೆತ್ತಿದಳು. ಈ ತಲೆಯನ್ನು ನೋಡಿದಳು, ಆ ತಲೆಯನ್ನು ನೋಡಿದಳು. ಚಿಸಾತೊಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದಳು.

"ಕೆಂಚಿ, ನೋಡೇ ಅತ್ತೆನ. ನಿನ್ ಹಾಗೇ ಬಣ್ಣ ಬಳ್ಕೊಂಡ್ ಬಂದಿದಾಳೆ. ಅವಳ ಕೈಗೆ ಬಟ್ಟಲು ಕೊಡಬೇಡ."

ಜೋಯಾ ಬಟ್ಟಲನ್ನು ಚಿಸಾತೊಳ ಕೈಗಿತ್ತು ಅಡುಗೆಮನೆಗೆ ಬಂದಳು. ಮಗಳಾಗಿ ತಾನು ಸತ್ತೆ ಎಂದು ಅವತ್ತು ಅವಳಿಗೆ ಸ್ಪಷ್ಟವಾಯಿತು.

ವಸಂತದಲ್ಲಿ ಹಡಗು ಶುರುವಾಗಿ ಗೆಳತಿಯ ಪೊಟ್ಟಣ ಬಂತು. ಒಳಗೆ ಆರು ಪಾಯಿಂಟ್ ನಾಲ್ಕರ ಟ್ಯೂಬುಗಳು, ಚುಕ್ಕೆಯ ಸಮೇತ. ಆ ಹೊತ್ತಿಗೆ ಜೋಯಾ ತನ್ನ ಕೂದಲನ್ನು ಗಿಡ್ಡ ಕತ್ತರಿಸಿ ಬೆಳ್ಳಗೆ ಬೆಳೆಯಲು ಬಿಟ್ಟಿದ್ದಳು. ಅದೇ ವಾರ ಚಿಸಾತೊಳ ಬೈತಲೆಯಲ್ಲಿ ಬೆರಳಗಲ ಬಿಳಿ ಕಾಣಿಸಿತು. ಮನೆಯಲ್ಲಿ ಮಕ್ಕಳ ಪರೀಕ್ಷೆ, ಹಚ್ಚಿಕೊಳ್ಳಲು ಪುರುಸೊತ್ತಿಲ್ಲ ಎಂದಳು. ಒಳಗೆ ಮುದುಕಿ ಅವಳನ್ನು ದಿಟ್ಟಿಸಿ ನೋಡಿ ಅರ್ಧ ಬಟ್ಟಲು ಬಿಟ್ಟಿದ್ದಳು.

ಜೋಯಾ ಅಡುಗೆಮನೆಯಲ್ಲಿ ಒಂದು ಕುರ್ಚಿ ಎಳೆದಳು. ಚಿಸಾತೊಳ ಹೆಗಲಿಗೆ ಹಳೆಯ ಟವೆಲು ಹೊದಿಸಿ, ಟ್ಯೂಬಿನ ಮುಚ್ಚಳ ತಿರುಗಿಸಿದಳು.

"ಅಲುಗಬೇಡಿ. ಬುಡ ಬಿಟ್ಟುಹೋದ್ರೆ ಅಮ್ಮ ಊಟ ಬಿಡ್ತಾಳೆ" ಅಂದಳು.